ಎರಡು ಗಂಟೆಯ ವಿಡಿಯೊ ಕರೆಗೆ ಒಂದೂವರೆ ಜಿಬಿ ಸಾಕಾಗಬೇಕೆಂದರೆ

“ಭಾನುವಾರ ರಾತ್ರಿ ಮಗಳು ಅಮೆರಿಕದಿಂದ ವಿಡಿಯೊ ಕರೆ ಮಾಡುತ್ತಾಳೆ. ಮೊದಲ ಒಂದು ಗಂಟೆ ಏನೂ ತೊಂದರೆ ಇಲ್ಲ. ಒಂದೂವರೆ ಗಂಟೆಯ ಹೊತ್ತಿಗೆ ಚಿತ್ರ ನಿಂತುಬಿಡುತ್ತದೆ. ಫೋನ್ ಬಿಸಿಯಾಗಿರುತ್ತದೆ, ಬ್ಯಾಟರಿ ಕೆಂಪಾಗಿರುತ್ತದೆ. ನಮ್ಮೂರಿನ ನೆಟ್‌ವರ್ಕ್ ಸರಿ ಇಲ್ಲವೇ, ಫೋನ್ ಹಳೆಯದಾಯಿತೇ?” ನನಗೆ ಬರುವ ಪತ್ರಗಳಲ್ಲಿ ಊರಿನ ಹೆಸರು ಬದಲಾಗುತ್ತದೆ, ಮಗಳ ಬದಲು ಮಗನೋ ತಮ್ಮನೋ ಇರುತ್ತಾರೆ. ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಮ್ಮೆ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಆ “ಒಂದೂವರೆ ಗಂಟೆ”ಯ ಗುಟ್ಟು. ನಮ್ಮಲ್ಲಿ ಬಹಳ ಜನರ ಬಳಿ ಇರುವುದು ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಸಿಗುವ ಪ್ಲಾನ್. ಅದು ಮುಗಿದ ಮೇಲೆ ಇಂಟರ್‌ನೆಟ್ ಪೂರ್ತಿ ನಿಲ್ಲುವುದಿಲ್ಲ. ಬಹುತೇಕ ಪ್ಲಾನ್‌ಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ವಿಡಿಯೊ ಓಡುವುದಿಲ್ಲ, ಧ್ವನಿಯೂ ತಡವರಿಸುತ್ತದೆ. ಮೇಲ್ತುದಿಯಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇರುವುದರಿಂದ ನಾವು ಟವರನ್ನು ಬೈಯುತ್ತಾ ಕೂರುತ್ತೇವೆ. ಮುಗಿದಿರುವುದು ಸಿಗ್ನಲ್ ಅಲ್ಲ, ಅಂದಿನ ಡೇಟಾ. ಹೀಗಾಗಿದೆಯೇ ಎಂದು ತಿಳಿಯುವುದು ಸುಲಭ: ಮಧ್ಯರಾತ್ರಿ ಕಳೆದು ಹೊಸ ದಿನದ ಲೆಕ್ಕ ಶುರುವಾದ ಕೂಡಲೇ ಎಲ್ಲ ಸರಿಹೋದರೆ ತಪ್ಪು ನೆಟ್‌ವರ್ಕಿನದಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಡೇಟಾ ಉಳಿಸುವುದು ಮತ್ತು ಬ್ಯಾಟರಿ ಉಳಿಸುವುದು ಒಂದೇ ಕೆಲಸವಲ್ಲ. ಪರದೆಯ ಬೆಳಕು ತಗ್ಗಿಸಿದರೆ ಒಂದು ಎಂಬಿ ಡೇಟಾವೂ ಉಳಿಯುವುದಿಲ್ಲ. 5ಜಿ ಬಿಟ್ಟು 4ಜಿಗೆ ಬಂದ ಮಾತ್ರಕ್ಕೂ ಡೇಟಾ ಉಳಿಯುತ್ತದೆ ಎಂದೇನಿಲ್ಲ. ಎರಡನ್ನೂ ಒಟ್ಟಿಗೆ ಉಳಿಸುವ ಕ್ರಮಗಳು ಕೆಲವೇ ಕೆಲವು. ಹೆಚ್ಚಿನ ಗಮನ ಅವುಗಳಿಗೇ ಸಲ್ಲಬೇಕು.

ಬೇಕಾಗುವುದು ಏನು?

ದುಡ್ಡು ಕೊಟ್ಟು ತರುವಂಥದ್ದು ಏನೂ ಇಲ್ಲ. ಒಂದು ಕಾಗದ, ಪೆನ್ನು, ಅರ್ಧ ಗಂಟೆ ಬಿಡುವು, ಮತ್ತು ಆ ತುದಿಯಲ್ಲಿ ಪ್ರಯೋಗಕ್ಕೆ ಒಪ್ಪುವ ಒಬ್ಬರು ಸಾಕು. ಸೆಟ್ಟಿಂಗ್‌ಗಳ ಹೆಸರು ಮತ್ತು ಜಾಗ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತವೆ. ಹುಡುಕಿ ಸಿಗದಿದ್ದರೆ Settings ತೆರೆದು, ಅಲ್ಲಿರುವ ಹುಡುಕುವ ಜಾಗದಲ್ಲಿ ನಾನು ಕೊಟ್ಟಿರುವ ಪದವನ್ನು ಬರೆಯಿರಿ. ನಿಮ್ಮ ಫೋನಿನ ಭಾಷೆ ಕನ್ನಡವಾಗಿದ್ದರೆ ಅದೇ ಅರ್ಥದ ಕನ್ನಡ ಹೆಸರು ಕಾಣುತ್ತದೆ.

ಹಂತ 1: ಮೊದಲು ಅಳೆಯಿರಿ

ಅಳೆಯದೆ ಸೆಟ್ಟಿಂಗ್ ಬದಲಿಸಿದರೆ ಯಾವುದರಿಂದ ಎಷ್ಟು ಉಳಿಯಿತು ಎಂಬುದು ಗೊತ್ತಾಗುವುದೇ ಇಲ್ಲ. ಈಗ ಹೇಗೆ ಕರೆ ಮಾಡುತ್ತೀರೋ ಹಾಗೆಯೇ ಇಪ್ಪತ್ತು ನಿಮಿಷದ ಒಂದು ಕರೆ ಮಾಡಿ. ಶುರುವಾಗುವ ಮುನ್ನ ಎರಡು ಅಂಕಿಗಳನ್ನು ಬರೆದಿಡಿ.

ಒಂದು, ಡೇಟಾ. ವಾಟ್ಸ್‌ಆ್ಯಪ್ ಬಳಸುವವರಿಗೆ ಇದು ಬಹಳ ಸುಲಭ. ಅದರ Settings ಒಳಗೆ Storage and data, ಅಲ್ಲಿ Network usage ತೆರೆದರೆ ಕರೆಗಳಿಗೆ ಎಷ್ಟು ಹೋಯಿತು, ಎಷ್ಟು ಬಂತು ಎಂದು ಬೇರೆಬೇರೆಯಾಗಿ ತೋರಿಸುತ್ತದೆ. ಉಳಿದ ಆ್ಯಪ್‌ಗಳಿಗೆ ಫೋನಿನ Settings ಒಳಗೆ data usage ಎಂದು ಹುಡುಕಿ, ಆ ಆ್ಯಪ್‌ನ ಮುಂದಿರುವ ಅಂಕಿಯನ್ನು ಬರೆದುಕೊಳ್ಳಿ. ಅದು ಅಲ್ಲಿಯವರೆಗಿನ ಒಟ್ಟು ಮೊತ್ತ. ಹಾಗಾಗಿ ಕರೆಯ ಮೊದಲಿನ ಅಂಕಿಯನ್ನು ನಂತರದ ಅಂಕಿಯಿಂದ ಕಳೆಯಬೇಕು.

ಎರಡು, ಬ್ಯಾಟರಿಯ ಶೇಕಡಾವಾರು. ಪೂರ್ತಿ ನೂರರಲ್ಲಿ ಪ್ರಯೋಗ ಶುರುಮಾಡಬೇಡಿ. ಹಲವು ಫೋನ್‌ಗಳು ಚಾರ್ಜರ್‌ನಿಂದ ತೆಗೆದ ಮೇಲೂ ಸ್ವಲ್ಪ ಹೊತ್ತು ನೂರು ಎಂದೇ ತೋರಿಸುತ್ತಿರುತ್ತವೆ. ಎಂಬತ್ತರಿಂದ ನಲವತ್ತರ ನಡುವೆ ಇರುವಾಗ ಸಿಗುವ ಲೆಕ್ಕ ನಂಬಿಕೆಗೆ ಅರ್ಹ.

ಇಪ್ಪತ್ತು ನಿಮಿಷದಲ್ಲಿ ಖರ್ಚಾದದ್ದನ್ನು ಮೂರರಿಂದ ಗುಣಿಸಿದರೆ ಒಂದು ಗಂಟೆಯ ಖರ್ಚು. ಮುಂದಿನ ಪ್ರತಿ ಬದಲಾವಣೆಯ ನಂತರವೂ ಇದೇ ಪ್ರಯೋಗ ಮಾಡಿ, ಆದರೆ ಒಂದು ಬಾರಿಗೆ ಒಂದೇ ಬದಲಾವಣೆ. ಐದು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ತಿರುಗಿಸಿ “ಯಾವುದೋ ಒಂದು ಕೆಲಸ ಮಾಡಿತು” ಎನ್ನುವವರೇ ಮುಂದಿನ ತಿಂಗಳು ಮತ್ತೆ ಪತ್ರ ಬರೆಯುತ್ತಾರೆ.

ಹಂತ 2: ಮನೆಯಲ್ಲಿ ಸರಿಯಾದ ಜಾಗ ಹುಡುಕಿ

ಬ್ಯಾಟರಿ ಉಳಿಸುವ ಸಲಹೆಗಳೆಲ್ಲ ಪರದೆಯ ಬೆಳಕಿನಿಂದ ಶುರುವಾಗುತ್ತವೆ. ನಾನು ಕುರ್ಚಿಯಿಂದ ಶುರುಮಾಡುತ್ತೇನೆ. ಸಿಗ್ನಲ್ ಕ್ಷೀಣವಾಗಿರುವ ಮನೆಯಲ್ಲಿ ನೀವು ಎಲ್ಲಿ ಕುಳಿತು ಮಾತನಾಡುತ್ತೀರಿ ಎಂಬುದು ಬೇರೆ ಯಾವ ಸೆಟ್ಟಿಂಗ್‌ಗಿಂತಲೂ ಮುಖ್ಯ.

ಕಾರಣ ಸರಳ. ವಿಡಿಯೊ ಕರೆಯಲ್ಲಿ ಫೋನ್ ಬರೀ ಕೇಳಿಸಿಕೊಳ್ಳುವುದಿಲ್ಲ, ನಿಮ್ಮ ಚಿತ್ರವನ್ನು ಟವರ್‌ವರೆಗೆ ಮುಟ್ಟಿಸುತ್ತಲೂ ಇರಬೇಕು. ಟವರ್ ಹತ್ತಿರವಿದ್ದರೆ ಪಿಸುಮಾತು ಸಾಕು. ದೂರವಿದ್ದರೆ, ನಡುವೆ ಗುಡ್ಡ ಅಥವಾ ದಪ್ಪ ಮಣ್ಣಿನ ಗೋಡೆ ಇದ್ದರೆ, ಎರಡು ಗಂಟೆಯೂ ಗಂಟಲು ಹರಿಯುವಂತೆ ಕೂಗಬೇಕು. ಆ ಕೂಗಿಗೆ ಬೇಕಾದ ಶಕ್ತಿ ಬರುವುದು ಬ್ಯಾಟರಿಯಿಂದಲೇ.

ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಪ್ರತಿ ಕಂಪನಿಯೂ ತನಗೆ ತೋಚಿದಂತೆ ನಿರ್ಧರಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ Settings ಒಳಗೆ About phone, ಅಲ್ಲಿ SIM status ತೆರೆದರೆ Signal strength ಎಂಬ ಸಾಲಿನಲ್ಲಿ -97 dBm ಎಂಬಂಥ ಅಂಕಿ ಕಾಣುತ್ತದೆ. ಡಿಬಿಎಂ ಎನ್ನುವುದು ಫೋನ್‌ಗೆ ಮುಟ್ಟುತ್ತಿರುವ ಸಿಗ್ನಲ್‌ನ ಬಲವನ್ನು ಅಳೆಯುವ ಮಾನ. ಐಫೋನಿನಲ್ಲಿ ಡಯಲ್ ಮಾಡುವ ಜಾಗದಲ್ಲಿ ಹೀಗೆ ಒತ್ತಿ ಕರೆಯ ಗುಂಡಿ ಮುಟ್ಟಿದರೆ ಪರೀಕ್ಷಾ ಪುಟ ತೆರೆಯುತ್ತದೆ. ಅಲ್ಲಿ RSRP ಎಂಬ ಅಂಕಿ ನೋಡಿ.

```
*3001#12345#*
```

ಇದು ಋಣ ಸಂಖ್ಯೆ. ಹಾಗಾಗಿ ಮೈನಸ್ ಗುರುತಿನ ಮುಂದಿರುವ ಅಂಕಿ ಚಿಕ್ಕದಿದ್ದಷ್ಟೂ ಒಳ್ಳೆಯದು. 4ಜಿಯಲ್ಲಿ -90ರ ಆಸುಪಾಸು ಇದ್ದರೆ ಚೆನ್ನಾಗಿದೆ. -110 ದಾಟಿ -115, -118 ಎಂದು ಹೋದರೆ ಫೋನ್ ಕೂಗುತ್ತಿದೆ ಎಂದರ್ಥ. ಹತ್ತು ಅಂಕಿಯ ವ್ಯತ್ಯಾಸ ಎಂದರೆ ಸಿಗ್ನಲ್ ಹತ್ತುಪಟ್ಟು ಹೆಚ್ಚು ಅಥವಾ ಕಡಿಮೆ. ಆದ್ದರಿಂದ -115 ಮತ್ತು -95ರ ನಡುವೆ ಇರುವುದು ನೂರುಪಟ್ಟು ಅಂತರ.

ಈ ಪುಟವನ್ನು ತೆರೆದುಕೊಂಡು ಮನೆಯೊಳಗೆ ಒಂದು ಸುತ್ತು ನಡೆಯಿರಿ. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ನಿಲ್ಲಿ, ಅಂಕಿ ಬದಲಾಗಲು ಅಷ್ಟು ಸಮಯ ಬೇಕು. ಮಲೆನಾಡಿನ ನಮ್ಮ ಅತ್ತೆಯ ಮನೆಯಲ್ಲಿ ನಾನು ಹೀಗೆ ನಡೆದಾಗ ಟಿವಿ ಇರುವ ನಡುಮನೆಯಲ್ಲಿ ಕಂಡದ್ದು -116, ಜಗಲಿಯ ಮೂಲೆಯ ಕಿಟಕಿ ಕಟ್ಟೆಯ ಮೇಲೆ -99. ಅತ್ತೆ ಅಷ್ಟು ದಿನವೂ ನಡುಮನೆಯ ಸೋಫಾದಲ್ಲೇ ಕುಳಿತು ಮಾತನಾಡುತ್ತಿದ್ದರು. ಈಗ ಕರೆ ಬರುವ ಹೊತ್ತಿಗೆ ಕುರ್ಚಿ ಜಗಲಿಗೆ ಹೋಗುತ್ತದೆ, ಸೊಳ್ಳೆ ಬತ್ತಿಯೂ ಜೊತೆಗೆ ಹೋಗುತ್ತದೆ.

ಎರಡು ಸಿಮ್ ಇದ್ದರೆ ಎರಡನ್ನೂ ನೋಡಿ. ಒಂದಕ್ಕೆ ಸಿಗ್ನಲ್ಲೇ ಸಿಗದ ಜಾಗವಾದರೆ, ಅದು ಟವರ್ ಹುಡುಕುತ್ತಾ ಬ್ಯಾಟರಿ ತಿನ್ನುತ್ತಿರುತ್ತದೆ. ಕರೆ ಮುಗಿಯುವ ತನಕ ಆ ಸಿಮ್ಮನ್ನು ಸೆಟ್ಟಿಂಗ್‌ನಲ್ಲೇ ಆಫ್ ಮಾಡಿಡಬಹುದು, ಕಳಚುವ ಅಗತ್ಯವಿಲ್ಲ.

5ಜಿ ವಿಷಯ. ನಿಮ್ಮೂರಿನಲ್ಲಿ 5ಜಿ ಗಟ್ಟಿಯಾಗಿ ಸಿಗುತ್ತಿದ್ದರೆ ಹಾಗೆಯೇ ಇರಲಿ. ಮೇಲ್ತುದಿಯಲ್ಲಿ 5G ಎಂದು ಒಮ್ಮೆ, 4G ಎಂದು ಮತ್ತೊಮ್ಮೆ ಬದಲಾಗುತ್ತಲೇ ಇದ್ದರೆ Preferred network type ಎಂದು ಹುಡುಕಿ 4ಜಿಗೆ ನಿಲ್ಲಿಸಿ. ಹಾಗೆ ಹೋಗಿಬರುವುದರಲ್ಲಿ ಬ್ಯಾಟರಿಯೂ ಖರ್ಚು, ಕರೆಯೂ ಮುಗ್ಗರಿಸುತ್ತದೆ. ಈ ಲೇಖನದಲ್ಲಿ ಹೇಳುತ್ತಿರುವ ಮಟ್ಟದ ಕರೆಗೆ ಸಾಧಾರಣ 4ಜಿ ಧಾರಾಳವಾಗಿ ಸಾಕು.

ಮನೆಯಲ್ಲಿ ಫೈಬರ್ ಸಂಪರ್ಕದ ವೈಫೈ ಇದ್ದರೆ ಅದನ್ನೇ ಬಳಸಿ, ಎರಡೂ ಉಳಿಯುತ್ತವೆ. ಆದರೆ ಇಲ್ಲೊಂದು ಹಳ್ಳವಿದೆ. ವೈಫೈ ದುರ್ಬಲವಾದಾಗ ನಿಮ್ಮನ್ನು ಕೇಳದೆ ಮೊಬೈಲ್ ಡೇಟಾಗೆ ಜಾರುವ ಸೌಲಭ್ಯ ಹಲವು ಫೋನ್‌ಗಳಲ್ಲಿ ಇರುತ್ತದೆ. ಐಫೋನಿನಲ್ಲಿ ಅದರ ಹೆಸರು Wi-Fi Assist, ಆಂಡ್ರಾಯ್ಡ್‌ನಲ್ಲಿ Switch to mobile data ಎಂಬಂಥ ಹೆಸರು. “ವೈಫೈನಲ್ಲೇ ಮಾತನಾಡಿದೆವು, ಆದರೂ ಡೇಟಾ ಮುಗಿದ ಸಂದೇಶ ಬಂತು” ಎನ್ನುವವರು ಮೊದಲು ಇದನ್ನು ಆಫ್ ಮಾಡಿ ನೋಡಿ.

ಹಂತ 3: ಚಿತ್ರಕ್ಕೆ ಮಿತಿ ಹಾಕಿ

ಡೇಟಾ ಉಳಿಯುವುದು ಮುಖ್ಯವಾಗಿ ಈ ಹಂತದಲ್ಲೇ. ಇಲ್ಲಿ ಒಂದು ಸಣ್ಣ ಗಣಿತ ಕಲಿತರೆ ಯಾವ ಆ್ಯಪ್‌ಗಾದರೂ ನೀವೇ ಲೆಕ್ಕ ಹಾಕಬಹುದು. ವೇಗವನ್ನು ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂದು ಹೇಳುತ್ತಾರೆ, ಪ್ಲಾನ್ ಇರುವುದು ಎಂಬಿ, ಜಿಬಿಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಒಂದು ಗಂಟೆಗೆ 3600 ಸೆಕೆಂಡ್. ಭಾಗಾಕಾರ ಮಾಡಿ ಮುಗಿಸಿದರೆ ಉಳಿಯುವ ಸೂತ್ರ ಇಷ್ಟೇ:

```
kbps × 0.45 = ಗಂಟೆಗೆ MB
```

ಜೂಮ್ ಕಂಪನಿ ತನ್ನ ಕರೆಗಳಿಗೆ ಎಷ್ಟು ವೇಗ ಬೇಕು ಎಂಬುದನ್ನು ಪ್ರಕಟಿಸಿದೆ. ಇಬ್ಬರ ನಡುವಿನ ಕರೆಯಲ್ಲಿ ಸಾಮಾನ್ಯ ಒಳ್ಳೆಯ ಚಿತ್ರಕ್ಕೆ ಹೋಗಲು 600, ಬರಲು 600 ಕಿಲೋಬಿಟ್. ಇನ್ನೂ ಸ್ಫುಟವಾದ 720ಪಿ ಚಿತ್ರಕ್ಕೆ ಎರಡೂ ಕಡೆಗೆ 1200. ಧ್ವನಿ ಮಾತ್ರವಾದರೆ 60ರಿಂದ 80. 720ಪಿ ಎಂದರೆ ಚಿತ್ರ 720 ಅಡ್ಡಸಾಲುಗಳಷ್ಟು ಸೂಕ್ಷ್ಮವಾಗಿದೆ ಎಂದು.

ಹೋಗುವುದೂ ಬರುವುದೂ ಎರಡೂ ನಿಮ್ಮ ಪ್ಲಾನ್‌ನಿಂದಲೇ ಕಡಿತವಾಗುತ್ತವೆ. ಬಹಳ ಜನ ಬರುವ ಚಿತ್ರವನ್ನಷ್ಟೇ ಲೆಕ್ಕ ಹಿಡಿದು ತಪ್ಪುತ್ತಾರೆ. ಈಗ ಆರಂಭದಲ್ಲಿ ಹೇಳಿದ ಭಾನುವಾರದ ಕರೆಗೆ ಬನ್ನಿ. 720ಪಿಯಲ್ಲಿ ಎರಡೂ ಕಡೆ ಕೂಡಿಸಿದರೆ 2400 ಕಿಲೋಬಿಟ್, ಅಂದರೆ ಗಂಟೆಗೆ 1080 ಎಂಬಿ. ಒಂದೂವರೆ ಜಿಬಿ ಮುಗಿಯಲು ಬೇಕಾಗುವುದು ಸುಮಾರು ಒಂದು ಗಂಟೆ ಇಪ್ಪತ್ತೈದು ನಿಮಿಷ. ಚಿತ್ರ ಯಾವಾಗ ನಿಲ್ಲುತ್ತಿತ್ತು ಎಂದು ಅವರು ಬರೆದಿದ್ದರು, ನೆನಪಿದೆಯಲ್ಲ?

ಅದೇ ಕರೆ 600ರ ಮಟ್ಟದಲ್ಲಿ ನಡೆದರೆ ಗಂಟೆಗೆ 540 ಎಂಬಿ, ಎರಡು ಗಂಟೆಗೆ 1080. ದಿನದ ಮಿತಿಯೊಳಗೆ ಮುಗಿದು ಬೆಳಗಿನ ಸುದ್ದಿ, ವಾಟ್ಸ್‌ಆ್ಯಪ್ ಚಿತ್ರಗಳಿಗೂ ಸ್ವಲ್ಪ ಉಳಿಯುತ್ತದೆ. ಆರು ಅಂಗುಲದ ಪರದೆಯಲ್ಲಿ ಒಬ್ಬರ ಮುಖ ನೋಡುವಾಗ ಈ ಎರಡು ಮಟ್ಟಗಳ ವ್ಯತ್ಯಾಸ ಕಣ್ಣಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಟಿವಿಗೆ ಹಾಕಿ ನೋಡುವವರ ಮಾತು ಬೇರೆ.

ಈ ಆ್ಯಪ್‌ಗಳ ಸ್ವಭಾವ ಮದುವೆ ಊಟದಲ್ಲಿ ಬಡಿಸುವವರಂತೆ: ಎಲೆಯಲ್ಲಿ ಜಾಗ ಕಂಡರೆ ಮತ್ತೊಂದು ಸುತ್ತು ಬಡಿಸಿಬಿಡುತ್ತಾರೆ. ನೆಟ್‌ವರ್ಕ್ ಚೆನ್ನಾಗಿದ್ದಷ್ಟೂ ಚಿತ್ರದ ಗುಣಮಟ್ಟವನ್ನು ತಾವಾಗಿಯೇ ಏರಿಸುತ್ತಾ ಹೋಗುತ್ತವೆ. ಹಾಗಾಗಿ ಒಳ್ಳೆಯ ಸಿಗ್ನಲ್ ಇರುವ ಜಾಗಕ್ಕೆ ಬಂದ ಮೇಲೆ ಬ್ಯಾಟರಿ ಉಳಿದರೂ ಡೇಟಾ ಖರ್ಚು ಏರಬಹುದು. ಎರಡನೇ ಹಂತದ ಬೆನ್ನಿಗೇ ಮೂರನೆಯದನ್ನು ಇಟ್ಟಿರುವುದು ಇದಕ್ಕಾಗಿಯೇ. “ಸಾಕು” ಎಂದು ಕೈ ಅಡ್ಡ ಹಿಡಿಯಬೇಕಾದವರು ನೀವು.

ವಾಟ್ಸ್‌ಆ್ಯಪ್‌ನಲ್ಲಿ ಇದಕ್ಕೊಂದು ಗುಂಡಿ ಇದೆ: Settings, Storage and data, ಅಲ್ಲಿ Use less data for calls. ಇದನ್ನು ನಿಮ್ಮ ಫೋನಿನಲ್ಲಿ ಮಾತ್ರವಲ್ಲ, ಆ ತುದಿಯವರ ಫೋನಿನಲ್ಲೂ ಹಾಕಿಸಿ. ನಿಮಗೆ ಬರುವ ಚಿತ್ರ ಹೊರಡುವುದು ಅವರ ಫೋನಿನಿಂದ. ಅಮೆರಿಕದಲ್ಲಿರುವವರಿಗೆ ಮನೆಯಲ್ಲಿ ಮಿತಿಯಿಲ್ಲದ ವೈಫೈ ಇರುತ್ತದೆ, ಅವರಿಗೆ ಇದೆಲ್ಲ ಹೊಳೆಯುವುದೇ ಇಲ್ಲ. ನಾಲ್ಕು ಜನ ಸೇರುವ ಕರೆಯಾದರೆ ಎಲ್ಲರಿಗೂ ಹೇಳಬೇಕು. ಹಾಕಿದ ಮೇಲೆ ಮೊದಲ ಹಂತದ ಇಪ್ಪತ್ತು ನಿಮಿಷದ ಪ್ರಯೋಗ ಮತ್ತೊಮ್ಮೆ ಮಾಡಿ, ನಿಮ್ಮ ಮನೆಯ ನಿಜವಾದ ಅಂಕಿ ಸಿಗುತ್ತದೆ.

ಇದೂ ಸಾಲದಿದ್ದರೆ ಕ್ಯಾಮೆರಾವನ್ನು ಸರದಿಯಂತೆ ಆಫ್ ಮಾಡುವುದು. ನಿಮ್ಮ ಕ್ಯಾಮೆರಾ ಆರಿಸಿದಾಗ ಒಂದೇ ಏಟಿಗೆ ಮೂರು ಖರ್ಚು ತಗ್ಗುತ್ತವೆ: ಕ್ಯಾಮೆರಾ ಓಡುವುದು, ಚಿತ್ರವನ್ನು ಕುಗ್ಗಿಸಿ ಕಳುಹಿಸಲು ಸಿದ್ಧಮಾಡುವುದು, ಅದನ್ನು ಟವರ್‌ಗೆ ಎಸೆಯುವುದು. ಡೇಟಾ, ಬ್ಯಾಟರಿ ಎರಡನ್ನೂ ಒಟ್ಟಿಗೆ ಉಳಿಸುವ ಉಪಾಯ ಎಂದೆನಲ್ಲ, ಇದು ಅದರಲ್ಲಿ ಮೊದಲನೆಯದು. ಸಿಗ್ನಲ್ ಕ್ಷೀಣವಿರುವ ಮನೆಗಳಲ್ಲಿ ಇನ್ನೂ ಹೆಚ್ಚು ಫಲ ಕೊಡುತ್ತದೆ, ಯಾಕೆಂದರೆ ದುಬಾರಿಯಾದ ಆ ಕೂಗೇ ನಿಲ್ಲುತ್ತದೆ.

ಅಜ್ಜಿಯ ಮುಖ ಕಾಣದೆ ಮೊಮ್ಮಗ ಸುಮ್ಮನಿರುವುದಿಲ್ಲ, ನಿಜ. ಮೊದಲ ಅರ್ಧ ಗಂಟೆ ಎರಡೂ ಕಡೆ ಚಿತ್ರ ಇರಲಿ. ಆಮೇಲೆ ಮೊಮ್ಮಗ ಚಿತ್ರ ಬಿಡಿಸುವುದನ್ನೋ ಓಡಾಡುವುದನ್ನೋ ನೋಡುವ ಹೊತ್ತಿಗೆ ಇತ್ತಲಿನ ಕ್ಯಾಮೆರಾ ಆರಿಸಿ. ಲೆಕ್ಕ ನೋಡಿ: ಮೊದಲ ಅರ್ಧ ಗಂಟೆಗೆ 270 ಎಂಬಿ. ಉಳಿದ ಒಂದೂವರೆ ಗಂಟೆ ಬರುವ ಚಿತ್ರಕ್ಕೆ 600, ಹೋಗುವ ಧ್ವನಿಗೆ 80, ಒಟ್ಟು 680 ಕಿಲೋಬಿಟ್. ಅದು ಸುಮಾರು 460 ಎಂಬಿ. ಎರಡು ಗಂಟೆಗೆ ಕೂಡಿ 730 ಎಂಬಿ, ಅಂದರೆ ಒಂದೂವರೆ ಜಿಬಿಯಲ್ಲಿ ಅರ್ಧಕ್ಕಿಂತ ಕಡಿಮೆ. ಗಮನಿಸಿ, ನಿಮ್ಮ ಕ್ಯಾಮೆರಾ ಆರಿಸಿದರೆ ನಿಲ್ಲುವುದು ಹೋಗುವ ಚಿತ್ರ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಬರುವುದನ್ನೂ ನಿಲ್ಲಿಸಬೇಕೆಂದರೆ ಅವರೂ ತಮ್ಮ ಕ್ಯಾಮೆರಾ ಆರಿಸಬೇಕು.

ಜೂಮ್, ಗೂಗಲ್ ಮೀಟ್ ಬಳಸುವವರಿಗೆ ಬರುವ ಚಿತ್ರವನ್ನು ತಮ್ಮ ಕಡೆಯಿಂದಲೇ ತಡೆಯುವ ದಾರಿ ಉಂಟು. ಮೀಟ್‌ನಲ್ಲಿ On-the-Go ಎಂಬ ಕ್ರಮ ಆಯ್ದುಕೊಂಡರೆ ನಿಮ್ಮ ಕ್ಯಾಮೆರಾ ಆರಿ, ಉಳಿದವರ ಚಿತ್ರಗಳೂ ನಿಲ್ಲುತ್ತವೆ. ಜೂಮ್‌ನಲ್ಲಿ ಕಾರು ಓಡಿಸುವವರಿಗೆಂದು ಮಾಡಿರುವ ಪುಟವೊಂದಿದೆ. ಕರೆಯ ಪರದೆಯನ್ನು ಬಲಕ್ಕೆ ಸರಿಸಿದರೆ ಅದು ಬರುತ್ತದೆ. ಅಲ್ಲಿ ಮೈಕ್ ಕೂಡ ಆರಿರುತ್ತದೆ, ಮಾತನಾಡಬೇಕಾದಾಗ ನಡುವಿನ ಗುಂಡಿ ಮುಟ್ಟಬೇಕು. ಪಾಠ, ಹರಿಕಥೆ, ಸಂಘದ ಸಭೆ ಇಂಥ ಕೇಳುವ ಕರೆಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಧ್ವನಿ ಮಾತ್ರ ಎಂದರೆ ಗಂಟೆಗೆ ಎರಡೂ ಕಡೆ ಸೇರಿ 72 ಎಂಬಿ ದಾಟುವುದಿಲ್ಲ.

ಇನ್ನೊಂದು, ಫೋನನ್ನು ಕೈಯಲ್ಲಿ ಹಿಡಿದುಕೊಳ್ಳಬೇಡಿ. ವಿಡಿಯೊ ಎಂದರೆ ಪ್ರತಿ ಚಿತ್ರವನ್ನೂ ಪೂರ್ತಿ ಕಳುಹಿಸುವುದಲ್ಲ. ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅಷ್ಟನ್ನೇ ಕಳುಹಿಸುವುದು. ಗೋಡೆಯ ಮುಂದೆ ಕುಳಿತು, ಫೋನನ್ನು ಒಂದು ಚೊಂಬಿಗೋ ಪುಸ್ತಕದ ರಾಶಿಗೋ ಆನಿಸಿಟ್ಟರೆ ಬದಲಾಗುವುದು ನಿಮ್ಮ ಮುಖ ಮಾತ್ರ. ಕೈಯಲ್ಲಿ ಹಿಡಿದರೆ ಗೋಡೆ, ಕ್ಯಾಲೆಂಡರ್, ದೇವರ ಫೋಟೊ ಎಲ್ಲವೂ ಕ್ಷಣಕ್ಷಣಕ್ಕೂ ಅಲುಗುತ್ತವೆ, ಎಲ್ಲವನ್ನೂ ಹೊಸದಾಗಿ ಕಳುಹಿಸಬೇಕು. ಮಬ್ಬು ಬೆಳಕಿನಲ್ಲೂ ಇದೇ ಕಥೆ. ಕತ್ತಲಲ್ಲಿ ಕ್ಯಾಮೆರಾ ಹಿಡಿದ ಚಿತ್ರದಲ್ಲಿ ರವೆಯಂಥ ಕಾಳುಗಳು ಕುಣಿಯುತ್ತವೆ, ಫೋನ್ ಆ ಕುಣಿತವನ್ನೂ ಚಲನೆ ಎಂದೇ ಎಣಿಸುತ್ತದೆ. ಮುಖದ ಎದುರಿಗೆ ಒಂದು ದೀಪ ಇರಲಿ.

ಹಂತ 4: ಹಿಂದೆ ಕುಳಿತು ತಿನ್ನುವವರು

ಕರೆ ನಡೆಯುತ್ತಿರುವಾಗಲೇ ಫೋಟೊಗಳು ಹಿನ್ನೆಲೆಯಲ್ಲಿ ಅಪ್‌ಲೋಡ್ ಆಗುತ್ತಿರಬಹುದು, ಆ್ಯಪ್‌ಗಳು ಹೊಸ ಆವೃತ್ತಿ ಇಳಿಸಿಕೊಳ್ಳುತ್ತಿರಬಹುದು. ಆಂಡ್ರಾಯ್ಡ್‌ನ Data Saver ಹಾಕಿದರೆ ಇವು ನಿಲ್ಲುತ್ತವೆ. ಐಫೋನಿನಲ್ಲಿ ಇಂಥದ್ದೇ ಕೆಲಸಕ್ಕೆ Low Data Mode ಇದೆ.

ಆದರೆ Data Saver ಬಗ್ಗೆ ಇರುವ ತಪ್ಪು ಕಲ್ಪನೆ ದೊಡ್ಡದು. ಅದು ತಡೆಯುವುದು ಹಿಂದೆ ಕುಳಿತ ಆ್ಯಪ್‌ಗಳನ್ನು. ಪರದೆಯ ಮೇಲೆ ತೆರೆದಿರುವ ಕರೆಯ ಡೇಟಾಗೆ ಅದು ಕತ್ತರಿ ಹಾಕುವುದಿಲ್ಲ. “Data Saver ಹಾಕಿದ್ದೇನೆ, ಆದರೂ ಡೇಟಾ ಮುಗಿಯುತ್ತಿದೆ” ಎನ್ನುವವರು ಮೂರನೇ ಹಂತವನ್ನು ಬಿಟ್ಟು ನೇರ ಇಲ್ಲಿಗೆ ಬಂದವರು.

ಫೋನಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪ್‌ಗೆ ಇಂಟರ್‌ನೆಟ್ ಕೊಟ್ಟು ಅಲ್ಲಿ ಕರೆ ಮಾಡುವವರಿಗೂ ಒಂದು ಎಚ್ಚರಿಕೆ. ಲ್ಯಾಪ್‌ಟಾಪ್ ತನಗೆ ಸಿಕ್ಕಿರುವುದು ಮಿತಿಯಿಲ್ಲದ ವೈಫೈ ಎಂದೇ ತಿಳಿಯಬಹುದು. ದೊಡ್ಡ ಪರದೆಗೆ ದೊಡ್ಡ ಚಿತ್ರ ತರಿಸಿಕೊಂಡು, ಜೊತೆಗೆ ತನ್ನ ಅಪ್‌ಡೇಟ್‌ಗಳನ್ನೂ ಎಳೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ವೈಫೈ ಸಂಪರ್ಕಕ್ಕೆ Metered connection ಎಂದು ಗುರುತು ಹಾಕಿದರೆ ಅಪ್‌ಡೇಟ್‌ಗಳಿಗೆ ಕಡಿವಾಣ ಬೀಳುತ್ತದೆ.

ಹಂತ 5: ಪರದೆ ಮತ್ತು ಅಲಂಕಾರ

ಇದು ಬ್ಯಾಟರಿಗೆ ಮಾತ್ರ, ಡೇಟಾಗೆ ಸಂಬಂಧವಿಲ್ಲ. ಬೆಳಕನ್ನು ಮುಖ ಕಾಣುವಷ್ಟಕ್ಕೆ ಇಳಿಸಿ. Refresh rate ಎಂಬುದು 120 ಎಂದಿದ್ದರೆ 60ಕ್ಕೆ ತನ್ನಿ. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಚಿತ್ರ ಬರೆಯುತ್ತದೆ ಎಂಬುದಕ್ಕೆ ಆ ಹೆಸರು. ಕರೆಯ ವಿಡಿಯೊ ಸೆಕೆಂಡಿಗೆ ಹೆಚ್ಚೆಂದರೆ ಮೂವತ್ತರ ಆಸುಪಾಸಿನ ಚಿತ್ರಗಳಲ್ಲಿ ಬರುವುದರಿಂದ 120 ಇದ್ದು ಯಾವ ಲಾಭವೂ ಇಲ್ಲ.

ಹಿಂದಿನ ಗೋಡೆಯನ್ನು ಮಸುಕುಗೊಳಿಸುವುದು, ಸಮುದ್ರತೀರ ತಂದು ನಿಲ್ಲಿಸುವುದು, ಮುಖಕ್ಕೆ ಹೊಳಪು ಹಚ್ಚುವುದು, ಇವನ್ನೆಲ್ಲ ಆರಿಸಿ. ಪ್ರತಿ ಚಿತ್ರದಲ್ಲೂ ಎಲ್ಲಿ ನೀವು, ಎಲ್ಲಿ ಗೋಡೆ ಎಂದು ಫೋನ್ ಬಿಡದೆ ಲೆಕ್ಕ ಹಾಕುತ್ತಿರಬೇಕು. ಬಟ್ಟೆ ಒಣಹಾಕಿದ್ದು ಕಾಣುತ್ತದೆ ಎಂಬ ಮುಜುಗರವಿದ್ದರೆ ಕುರ್ಚಿ ತಿರುಗಿಸುವುದು ಅಗ್ಗ.

ಹಂತ 6: ಬಿಸಿ ಮತ್ತು ಚಾರ್ಜರ್

“ಚಾರ್ಜ್‌ಗೆ ಹಾಕಿಕೊಂಡೇ ಮಾತನಾಡಬಹುದೇ?” ಎನ್ನುವುದು ಎರಡನೇ ಸ್ಥಾನದ ಪ್ರಶ್ನೆ. ಮಾತನಾಡಬಹುದು, ಆದರೆ ವೇಗದ ಚಾರ್ಜರ್ ಬೇಡ. ಕರೆಯೇ ಫೋನನ್ನು ಬಿಸಿ ಮಾಡುತ್ತಿರುತ್ತದೆ, ವೇಗದ ಚಾರ್ಜಿಂಗ್ ಅದರ ಮೇಲೆ ಇನ್ನೊಂದು ಒಲೆ ಹಚ್ಚಿದಂತೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಚಾರ್ಜ್ ಮಾಡುವುದು ಅದರ ಆಯಸ್ಸಿಗೆ ಕೆಡುಕು. ಆ ಮಟ್ಟಕ್ಕೆ ಬಂದಾಗ ಫೋನ್ ತಾನೇ ಚಾರ್ಜಿಂಗ್ ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ. ಪರದೆ ತಾನಾಗಿ ಮಂಕಾಗುವುದು, ಚಿತ್ರ ಎಳೆದೆಳೆದು ಬರುವುದು, ಚಾರ್ಜಿಂಗ್ ತಡೆಹಿಡಿಯಲಾಗಿದೆ ಎಂಬ ಸೂಚನೆ, ಇವೆಲ್ಲ ಬಿಸಿಯ ಲಕ್ಷಣಗಳು. ನೆಟ್‌ವರ್ಕ್ ಸರಿ ಇದ್ದೂ ಚಿತ್ರ ತೊದಲಿದರೆ ಫೋನಿನ ಬೆನ್ನು ಮುಟ್ಟಿ ನೋಡಿ.

ಹಾಗಾದರೆ ಏನು ಮಾಡಬೇಕು? ಕರೆಗೆ ಮೊದಲೇ ಎಂಬತ್ತು, ತೊಂಬತ್ತರವರೆಗೆ ಚಾರ್ಜ್ ಮಾಡಿ, ತಣ್ಣಗಾಗಲು ಬಿಡಿ. ದಪ್ಪ ಕವರ್ ತೆಗೆದಿಡಿ. ಹಾಸಿಗೆ, ದಿಂಬಿನ ಮೇಲೆ ಇಡದೆ ಗಾಳಿಯಾಡುವಂತೆ ನಿಲ್ಲಿಸಿ, ಫ್ಯಾನಿನ ಗಾಳಿ ತಾಗಿದರೆ ಇನ್ನೂ ಒಳ್ಳೆಯದು. ಬಿಸಿಯಾಯಿತೆಂದು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಹೊರತೆಗೆದಾಗ ತಣ್ಣನೆಯ ಚೊಂಬಿನ ಮೇಲೆ ಕೂರುವಂತೆ ಒಳಗೂ ಹನಿ ಕೂರುತ್ತದೆ.

ನಡುವೆ ಚಾರ್ಜ್ ಬೇಕೇಬೇಕು ಎಂದಾದರೆ ಮನೆಯಲ್ಲಿರುವ ಹಳೆಯ 10 ವಾಟ್ ಚಾರ್ಜರ್ ಬಳಸಿ. ಇಲ್ಲೂ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವಾಟ್‌ಗಂಟೆ ಶಕ್ತಿ ಇರುತ್ತದೆ. ನಿಮ್ಮ ಪ್ರಯೋಗದಲ್ಲಿ ಗಂಟೆಗೆ ಇಪ್ಪತ್ತು ಶೇಕಡಾ ಇಳಿದರೆ ಫೋನ್ ತಿನ್ನುತ್ತಿರುವುದು ನಾಲ್ಕು ವಾಟ್‌ನಷ್ಟು. 10 ವಾಟ್ ಚಾರ್ಜರ್ ಅದನ್ನು ತುಂಬಿಕೊಟ್ಟು ಮೇಲಿಷ್ಟು ಉಳಿಸುತ್ತದೆ. ಆದರೆ ಲ್ಯಾಪ್‌ಟಾಪಿನ ಹಳೆಯ ಮಾದರಿಯ ಯುಎಸ್‌ಬಿ ಕಿಂಡಿ ಕೊಡುವುದು ಎರಡೂವರೆ ವಾಟ್. “ಚಾರ್ಜ್ ಆಗುತ್ತಿದೆ ಎಂದು ತೋರಿಸುತ್ತದೆ, ಶೇಕಡಾ ಮಾತ್ರ ಇಳಿಯುತ್ತಲೇ ಇದೆ” ಎಂಬ ಒಗಟಿಗೆ ಉತ್ತರ ಇದೇ.

ಇಪ್ಪತ್ತು, ಇಪ್ಪತ್ತೈದು ಶೇಕಡಾ ಇರುವಾಗಲೇ ಫೋನ್ ತಟ್ಟನೆ ಆರಿಹೋಗುವುದು ಬೇರೆಯೇ ರೋಗ. ಬ್ಯಾಟರಿ ಮುದಿಯಾದಾಗ ಒಮ್ಮೆಲೇ ಹೆಚ್ಚು ಶಕ್ತಿ ಕೇಳಿದರೆ ಅದರ ವೋಲ್ಟೇಜ್ ಕುಸಿಯುತ್ತದೆ. ವಿಡಿಯೊ ಕರೆ ಕೇಳುವುದು ಅದನ್ನೇ. ಇದಕ್ಕೆ ಸೆಟ್ಟಿಂಗ್‌ಗಳಲ್ಲಿ ಔಷಧವಿಲ್ಲ, ಬ್ಯಾಟರಿ ಬದಲಿಸಬೇಕು. ಐಫೋನಿನ Battery Health ಪುಟದಲ್ಲಿ ಗರಿಷ್ಠ ಸಾಮರ್ಥ್ಯ 80 ಶೇಕಡಾಕ್ಕಿಂತ ಕೆಳಗಿದ್ದರೆ ಆ ಹೊತ್ತು ಬಂದಿದೆ ಎಂದು ತಿಳಿಯಿರಿ.

ಹಂತ 7: ನಡುದಾರಿಯಲ್ಲಿ ಮುಗಿಯುವಂತಾದರೆ

ಇಷ್ಟೆಲ್ಲ ಮಾಡಿಯೂ ಮಳೆಗಾಲದಲ್ಲಿ ಸಂಜೆಯಿಂದಲೇ ಕರೆಂಟ್ ಹೋಗಿ, ಬ್ಯಾಟರಿ ಮೂವತ್ತಕ್ಕೆ ಬಂದಿರುವಾಗಲೇ ಕರೆ ಬರಬಹುದು. ಆಗ ಹೀಗೆ ಮಾಡಿ. ಮೊದಲು ನಿಮ್ಮ ಕ್ಯಾಮೆರಾ ಆರಿಸಿ. ಇನ್ನೂ ಬೇಗ ಇಳಿಯುತ್ತಿದ್ದರೆ ಅವರ ಚಿತ್ರವನ್ನೂ ನಿಲ್ಲಿಸಿ ಧ್ವನಿಗೆ ಬನ್ನಿ, ಪರದೆ ಆರಿಸಿ ಫೋನ್ ಕಿವಿಗಿಡಿ.

Battery Saver ಕರೆಗೆ ಮೊದಲೇ ಹಾಕಿ, ಪ್ರಯೋಗದ ದಿನವೇ ಪರೀಕ್ಷಿಸಿ. ಕೆಲವು ಫೋನ್‌ಗಳಲ್ಲಿ ಅದು ಹಿಂದೆ ಓಡುವ ಆ್ಯಪ್‌ಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಕರೆಯ ನಡುವೆ ಪರದೆ ಆರಿಸಿದಾಗಲೋ ಬೇರೆ ಆ್ಯಪ್‌ಗೆ ಹೋದಾಗಲೋ ಕರೆಯೇ ತುಂಡಾಗಬಹುದು. ಹಾಗಾದರೆ Settings ಒಳಗೆ ಆ ಆ್ಯಪ್‌ನ ಬ್ಯಾಟರಿ ಪುಟದಲ್ಲಿ Unrestricted ಆಯ್ದುಕೊಳ್ಳಿ.

ಪವರ್ ಬ್ಯಾಂಕ್ ಇದ್ದರೆ ಡಬ್ಬಿಯ ಮೇಲಿನ 10000 ಎಂಎಎಚ್ ಅಂಕಿಯನ್ನು ಪೂರ್ತಿ ನಂಬಬೇಡಿ. ಅದು ಒಳಗಿನ ಕೋಶಗಳ 3.7 ವೋಲ್ಟ್ ಲೆಕ್ಕ. ಹೊರಗೆ ಕೊಡಬೇಕಾದದ್ದು 5 ವೋಲ್ಟ್, ಜೊತೆಗೆ ಬದಲಿಸುವಾಗ ಒಂದಿಷ್ಟು ಬಿಸಿಯಾಗಿ ಕಳೆಯುತ್ತದೆ. ಅದರ ಮೇಲೆಯೇ ಸಣ್ಣಕ್ಷರದಲ್ಲಿ Rated capacity ಎಂದು ಬರೆದಿರುತ್ತಾರೆ, ನಿಜವಾದ ಅಂಕಿ ಅಲ್ಲಿದೆ. ಆದರೂ ಒಂದು ಕರೆಯನ್ನು ದಡ ಮುಟ್ಟಿಸಲು ಅದು ಬೇಕಾದಷ್ಟಾಯಿತು.

ಡೇಟಾ ಮುಗಿದು 64 ಕಿಲೋಬಿಟ್‌ಗೆ ಇಳಿದ ಮೇಲೆ ವಿಡಿಯೊ ಗುಂಡಿಯನ್ನು ಮತ್ತೆಮತ್ತೆ ಒತ್ತುವುದರಲ್ಲಿ ಅರ್ಥವಿಲ್ಲ. ಪ್ರತಿ ಪ್ರಯತ್ನದಲ್ಲೂ ಬ್ಯಾಟರಿಯಷ್ಟೇ ಹೋಗುತ್ತದೆ. ಕರೆ ಭಾರತದೊಳಗೇ ಆಗಿದ್ದರೆ ಸಾದಾ ಫೋನ್ ಕರೆ ಮಾಡಿ ಮುಗಿಸಿ. ಜೂಮ್ ಸಭೆಯ ಆಹ್ವಾನದಲ್ಲಿ ಫೋನ್ ಸಂಖ್ಯೆ ಕೊಟ್ಟಿದ್ದರೆ ಅದಕ್ಕೆ ಕರೆ ಮಾಡಿಯೂ ಸೇರಬಹುದು, ಆಗ ಡೇಟಾ ಬೇಕಿಲ್ಲ. ಸಂಖ್ಯೆಯ ಮುಂದೆ +91 ಇದೆಯೇ ಎಂದು ಮಾತ್ರ ಮೊದಲು ನೋಡಿ. +1 ಇದ್ದರೆ ಅದು ಅಮೆರಿಕದ ಸಂಖ್ಯೆ, ಐಎಸ್‌ಡಿ ದರ ಬೀಳುತ್ತದೆ. ಮಗಳು ಅಮೆರಿಕದಲ್ಲಿದ್ದರೆ ಅವಳೇ ನಿಮ್ಮ ಸಂಖ್ಯೆಗೆ ಕರೆ ಮಾಡಲಿ, ಅಥವಾ ಹನ್ನೆರಡು ಗಂಟೆ ದಾಟಿ ಹೊಸ ದಿನದ ಡೇಟಾ ಬರುವ ತನಕ ಕಾಯಿರಿ. ಅಲ್ಲಿ ಆಗಿನ್ನೂ ಭಾನುವಾರದ ಹಗಲು.